ಕನ್ನಡ, ಹಿಂದಿ ಎರಡೂ ಸಬ್‌ಟೈಟಲ್ ಹಾಕ್ಬೇಕು ಆದ್ರೆ ಪರದೆ ತುಂಬಬಾರ್ದು ಅಂದ್ರೆ ಯಾವ ದಾರಿ ಹಿಡೀಬೇಕು

ನಾನು ದಾವಣಗೆರೇಲಿ ವಿಡಿಯೋ ಕೆಲ್ಸ ಮಾಡ್ತೀನಿ. ಹೋದ ವರ್ಷ ನ್ಯಾಮತಿ ಕಡೆ ಒಂದು ತಾಂಡಾದಲ್ಲಿ ಲಂಬಾಣಿ ಕಸೂತಿ ಬಗ್ಗೆ ಹನ್ನೊಂದು ನಿಮಿಷದ ವಿಡಿಯೋ ಮಾಡಿದ್ವಿ. ಒಬ್ಬ ಅಜ್ಜಿ ಫೇಟಿಯಾಕ್ಕೆ, ಅಂದ್ರೆ ಲಂಬಾಣಿ ಲಂಗಕ್ಕೆ, ಕನ್ನಡಿ ಕೂರಿಸ್ತಾ ಮಾತಾಡ್ತಾ ಹೋಗ್ತಾರೆ, ಮಾತೆಲ್ಲ ಲಂಬಾಣಿ ಭಾಷೇಲೇ. ಲಂಬಾಣಿಗೆ ನಮ್ಮ ಕಡೆ ಬರೆಯೋರು ಕನ್ನಡ ಲಿಪೀಲಿ ಬರೀತಾರೆ, ಮಹಾರಾಷ್ಟ್ರದ ಬಂಜಾರರು ದೇವನಾಗರೀಲಿ ಬರೀತಾರೆ. ಸೂರಗೊಂಡನಕೊಪ್ಪ ಇರೋದು ಇದೇ ನ್ಯಾಮತಿ ತಾಲ್ಲೂಕಲ್ಲಿ, ಸಂತ ಸೇವಾಲಾಲರ ಜಯಂತಿಗೆ ಫೆಬ್ರವರೀಲಿ ಬೇರೆ ರಾಜ್ಯಗಳಿಂದ್ಲೂ ಜನ ಬರ್ತಾರೆ, ಬಂದೋರಲ್ಲಿ ಎಷ್ಟೋ ಜನಕ್ಕೆ ಕನ್ನಡ ಓದೋಕ್ಕೆ ಬರಲ್ಲ ಹಿಂದಿ ಬರುತ್ತೆ. ಇಲ್ಲಿನ ಹುಡುಗ್ರಿಗೆ ಕನ್ನಡ ಓದೋಕ್ಕೆ ಬರುತ್ತೆ ಹಿಂದಿ ಅಷ್ಟಕ್ಕಷ್ಟೆ, ಪೇಟೇಲಿ ಬೆಳೆದ ಎಷ್ಟೋ ಮಕ್ಕಳಿಗೆ ಅಜ್ಜಿಯ ಲಂಬಾಣಿ ಪೂರ್ತಿ ಅರ್ಥ ಆಗಲ್ಲ. ಹಂಗಾಗಿ ಎರಡೂ ಭಾಷೆ ಬೇಕಾಯ್ತು.

ಮೊದಲ್ನೇ ಸಲ ನಾನು ಎಲ್ಲರೂ ಮಾಡೋ ಹಂಗೇ ಮಾಡಿದೆ. ಕೆಳಗೆ ಕನ್ನಡ ಎರಡು ಸಾಲು, ಅದರ ಕೆಳಗೆ ಹಿಂದಿ ಎರಡು ಸಾಲು, ಹಿಂದೆ ಅರೆಪಾರದರ್ಶಕ ಕಪ್ಪು ಬಾಕ್ಸು. ತಾಂಡಾದಲ್ಲಿ ಪರದೆ ಕಟ್ಟಿ ತೋರಿಸಿದಾಗ ಮುಂದೆ ಕೂತಿದ್ದ ಒಬ್ರು ದೊಡ್ಡಮ್ಮ ಎರಡೇ ನಿಮಿಷಕ್ಕೆ ಕೇಳಿದ್ರು, "ಅಲ್ಲಪ್ಪಾ, ಕೈ ಎಲ್ಲೈತೆ? ಹೊಲಿಯೋದೇ ಕಾಣ್ತಿಲ್ಲಲ್ಲ." ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕಸೂತಿ ಹಾಕೋ ಕೈ, ಸೂಜಿ, ಕನ್ನಡಿ ಎಲ್ಲಾ ಇರೋದು ಫ್ರೇಮಿನ ಕೆಳಗಿನ ಅರ್ಧದಲ್ಲಿ, ನನ್ನ ನಾಲ್ಕು ಸಾಲು ಕೂತಿದ್ದೂ ಅಲ್ಲೇ. ಆಮೇಲೆ ಒಂದೊಂದೇ ದಾರಿ ಹಾಕಿ ನೋಡಿದೆ. ಯಾವುದು ಯಾವಾಗ ಸರಿ ಹೋಗುತ್ತೆ ಅನ್ನೋದು ಈಗ ನಂಗೆ ಸುಮಾರು ಸ್ಪಷ್ಟ ಇದೆ, ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಕೇಳ್ಕೋಬೇಕಾದ ಎರಡು ಪ್ರಶ್ನೆ

ನೋಡೋರು ಒಂದೇ ಪರದೆ ಮುಂದೆ ಒಟ್ಟಿಗೆ ಕೂತು ನೋಡ್ತಾರಾ, ಇಲ್ಲ ಅವರವರ ಫೋನಲ್ಲಿ ಬೇರೆ ಬೇರೆ ನೋಡ್ತಾರಾ? ಒಬ್ಬ ಮನುಷ್ಯ ಒಂದು ಹೊತ್ತಿಗೆ ಓದೋದು ಒಂದೇ ಭಾಷೆ, ಇನ್ನೊಂದು ಭಾಷೆಯ ಸಾಲು ಅವನಿಗೆ ಚಿತ್ರ ಮುಚ್ಚೋ ಕಸ. ಒಟ್ಟಿಗೆ ಕೂತಿದ್ರೆ ಆ ಕಸ ಸಹಿಸ್ಕೋಬೇಕು, ಪಕ್ಕದವನಿಗೆ ಅದು ಬೇಕು. ಬೇರೆ ಬೇರೆ ಫೋನಲ್ಲಿ ನೋಡೋದಾದ್ರೆ ಯಾಕೆ ಸಹಿಸ್ಕೋಬೇಕು ಹೇಳಿ?

ಎರಡ್ನೇದು, ಮಾತು ಯಾವ ಭಾಷೇಲಿದೆ. ವಿಡಿಯೋದಲ್ಲಿ ಮಾತಾಡೋದು ಕನ್ನಡಾನೇ ಆಗಿದ್ರೆ ಅನೇಕ ಸಲ ಹಿಂದಿ ಒಂದು ಸಾಲು ಸಾಕು. ನಂಗೆ ಗೊತ್ತಿರೋರು ಒಬ್ರು ಚಿತ್ರದುರ್ಗದ ಕೋಟೆ ಬಗ್ಗೆ ವಿಡಿಯೋ ಮಾಡಿದ್ರು, ಗೈಡ್ ಕನ್ನಡದಲ್ಲೇ ಅಚ್ಚುಕಟ್ಟಾಗಿ ಓಬವ್ವನ ಕಿಂಡಿ ತೋರಿಸ್ತಾ ಹೇಳ್ತಾರೆ, ಅದಕ್ಕೂ ಕನ್ನಡ ಸಾಲು ಹಾಕಿ ಬಂಡೆ ಕೆತ್ತನೆ ಎಲ್ಲ ಮುಚ್ಚಿಟ್ಟಿದ್ರು. ಅಲ್ಲಿ ಕನ್ನಡ ಅಕ್ಷರ ಬೇಕಾಗೋದು ಕಿವಿ ಕೇಳದವ್ರಿಗೆ, ಬಸ್ಸಲ್ಲಿ ಮ್ಯೂಟ್ ಮಾಡಿ ನೋಡೋರಿಗೆ. ಅವ್ರಿಗೆ ಯೂಟ್ಯೂಬ್‌ನ ಸಿಸಿ ಟ್ರ್ಯಾಕ್ ಕೊಟ್ರೆ ಆಯ್ತು, ಬೇಕಾದವ್ರು ಹಾಕ್ಕೋತಾರೆ. ಎರಡೂ ಭಾಷೆ ಒಟ್ಟಿಗೆ ಪರದೆ ಮೇಲೆ ಬೇಕೇ ಬೇಕು ಅನ್ನೋ ಸಂದರ್ಭ ನಿಜವಾಗ್ಲೂ ಬರೋದು ನನ್ನ ಲಂಬಾಣಿ ವಿಡಿಯೋ ಥರದ್ದಕ್ಕೆ, ಮಾತು ಮೂರನೇ ಭಾಷೇದು, ನೋಡೋರು ಒಂದೇ ಚಾಪೆ ಮೇಲೆ.

ಎರಡನ್ನೂ ಕೆಳಗೇ ಹಾಕೋದು

ಇದು ಮಾಡೋಕ್ಕೆ ಸುಲಭ, ಅದಕ್ಕೇ ಎಲ್ಲರೂ ಮಾಡ್ತಾರೆ. ಭಾಷೆಗೆ ಒಂದೇ ಸಾಲು ಇಟ್ಕೊಂಡ್ರೆ ಕೆಟ್ಟದ್ದೇನಲ್ಲ, ಎರಡೆರಡು ಸಾಲಾದ್ರೆ ಮಾತ್ರ ಮುಗೀತು, ಚಿತ್ರದ ಕಾಲು ಭಾಗಕ್ಕಿಂತ ಜಾಸ್ತಿ ಹೋಗಿಬಿಡುತ್ತೆ.

ಇಲ್ಲಿ ಒಂದು ವಿಷ್ಯ ನಾನು ಹಾಕಿ ನೋಡಿದ ಮೇಲೇ ಗೊತ್ತಾಗಿದ್ದು, ಯಾವ ಭಾಷೆ ಮೇಲೆ ಯಾವುದು ಕೆಳಗೆ ಅನ್ನೋದು. ಅಭಿಮಾನದಿಂದ ಕನ್ನಡ ಮೇಲೆ ಇಟ್ಟಿದ್ದೆ. ಆದ್ರೆ ನಮ್ಮ ಲಿಪಿ ನೋಡಿ, ಒತ್ತಕ್ಷರ ಎಲ್ಲಾ ಕೆಳಗೆ ಇಳಿಯುತ್ತೆ, 'ಲಕ್ಷ್ಮಿ'ಲಿ ಎರಡು ಒತ್ತು, 'ಸ್ತ್ರೀ'ಲಿ ಎರಡು ಒತ್ತು. ಹಿಂದಿಯ ಎಷ್ಟೋ ಮಾತ್ರೆಗಳು ಶಿರೋರೇಖೆಯ ಮೇಲೆ ಏಳುತ್ತೆ, ಏ ಐ ಮಾತ್ರೆ, ಅನುಸ್ವಾರದ ಚುಕ್ಕಿ, ಚಂದ್ರಬಿಂದು. ಕನ್ನಡ ಮೇಲಿಟ್ಟು ಹಿಂದಿ ಕೆಳಗಿಟ್ರೆ ಕನ್ನಡದ ಒತ್ತು ಕೆಳಗಿಳಿದು, ಹಿಂದಿಯ ಮಾತ್ರೆ ಮೇಲಕ್ಕೆದ್ದು ಎರಡೂ ನಡುವೆ ಒಂದಕ್ಕೊಂದು ತಗಲ್ತವೆ. ತಗಲದ ಹಂಗೆ ಮಾಡೋಕ್ಕೆ ಸಾಲಿನ ಅಂತರ ಜಾಸ್ತಿ ಮಾಡ್ಬೇಕು, ಅಂದ್ರೆ ಇನ್ನಷ್ಟು ಚಿತ್ರ ಹೋಯ್ತು. ಹಿಂದಿ ಮೇಲೆ ಕನ್ನಡ ಕೆಳಗೆ ಮಾಡಿದ್ರೆ ಹಿಂದಿಯ ಬುಡದಲ್ಲಿ ಇರೋದು ಉ ಊ ಮಾತ್ರೆ ಥರದ ಚಿಕ್ಕವು, ಕನ್ನಡದ ತಲೆ ಮೇಲೂ ಅಷ್ಟೇನೂ ಏಳಲ್ಲ, ನಡುವೆ ಸಲೀಸಾಗಿ ಕೂರುತ್ತೆ. ಕನ್ನಡದ ಒತ್ತಿಗೆ ಬೇಕಾದ ಜಾಗ ಎಲ್ಲಕ್ಕಿಂತ ಕೆಳಗೆ ಪರದೆಯ ಅಂಚಲ್ಲಿ ಸಿಗುತ್ತೆ. 

ಇನ್ನೊಂದು ತೊಂದ್ರೆ ಕಸೂತಿಗೇ ಸಂಬಂಧಪಟ್ಟಿದ್ದು. ಕನ್ನಡಿ ಮೇಲೆ ಬಿಸಿಲು ಬಿದ್ದು ಹೊಳೆಯುತ್ತೆ, ಕೆಂಪು ಹಳದಿ ದಾರ ಬೇರೆ, ಅದರ ಮೇಲೆ ಬಿಳಿ ಅಕ್ಷರ ಕಾಣೋದೇ ಇಲ್ಲ. ಕಪ್ಪು ಔಟ್‌ಲೈನ್ ದಪ್ಪ ಮಾಡಿದ್ರೆ ಒತ್ತಕ್ಷರದ ಒಳಗಿನ ಸಂದಿ ಮುಚ್ಚಿ ಗುಂಡು ಗುಂಡು ಆಗುತ್ತೆ. ಬಾಕ್ಸ್ ಹಾಕಿದ್ರೆ ಕೈ ಮುಚ್ಚುತ್ತೆ. ಹಿನ್ನೆಲೆ ಒಂದೇ ಬಣ್ಣ ಇರೋ ವಿಡಿಯೋಗೆ, ಒಬ್ರು ಕೂತು ಮಾತಾಡೋ ಸಂದರ್ಶನಕ್ಕೆ ಈ ದಾರಿ ಸಾಕು. ಕೈಕೆಲ್ಸ, ಅಡುಗೆ, ರಿಪೇರಿ, ಇಂಥದ್ದಕ್ಕೆ ಬೇಡ ಅಂತೀನಿ.

ಮೇಲೊಂದು ಕೆಳಗೊಂದು

ಹಿಂದಿ ಪರದೆಯ ಮೇಲಂಚಿಗೆ, ಕನ್ನಡ ಕೆಳಗೆ. ನೋಡೋಕ್ಕೆ ಬ್ಯಾಲೆನ್ಸ್ ಕಾಣುತ್ತೆ, ಸಾಲು ಸಾಲಿಗೆ ತಗಲಲ್ಲ, ಯಾರಿಗೆ ಯಾವ ಸಾಲು ಅಂತ ಹುಡುಕೋ ಕಷ್ಟಾನೂ ಇಲ್ಲ, ಒಂದು ಸಲ ನೋಡಿದ್ರೆ ತಮ್ಮ ಜಾಗ ಗೊತ್ತಾಗಿಬಿಡುತ್ತೆ. ಸಬ್‌ಟೈಟಲ್ ಮಾಡೋ ಏಜಿಸಬ್ ಸಾಫ್ಟ್‌ವೇರಲ್ಲಿ ಸ್ಟೈಲ್ ಮಾಡುವಾಗ ಅಲೈನ್‌ಮೆಂಟ್ 8 ಕೊಟ್ರೆ ಮೇಲೆ ನಡುವೆ, 2 ಕೊಟ್ರೆ ಕೆಳಗೆ ನಡುವೆ, ಕೀಬೋರ್ಡಿನ ನಂಬರ್ ಪ್ಯಾಡ್ ಇದ್ದ ಹಂಗೇ. ಕಂಪ್ಯೂಟರಲ್ಲಿ ಎಂಪಿವಿ ಪ್ಲೇಯರ್ ಇಟ್ಕೊಂಡಿರೋರಿಗೆ ಅಕ್ಷರವನ್ನ ಚಿತ್ರದೊಳಗೇ ಕೂರಿಸಿ ಬರ್ನ್ ಮಾಡೋದೂ ಬೇಡ, ಮಾತು ಟೈಮಿಂಗ್ ಎರಡೂ ಇರೋ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲ್ ಎರಡು ಕೊಟ್ಟು ಒಂದನ್ನ `--sid` ಇನ್ನೊಂದನ್ನ `--secondary-sid` ಅಂತ ಆರಿಸಿದ್ರೆ ಎರಡ್ನೇದು ತಾನೇ ಮೇಲೆ ಬರುತ್ತೆ. ಹಾಲಲ್ಲಿ ನಾವೇ ಲ್ಯಾಪ್‌ಟಾಪ್ ಇಟ್ಟು ಪ್ರೊಜೆಕ್ಟರ್ ಹಾಕೋದಾದ್ರೆ ಇದು ಭಾಳ ಉಪಯೋಗ, ತಪ್ಪು ಸಿಕ್ರೆ ಎಸ್‌ಆರ್‌ಟಿ ತಿದ್ದಿ ಮತ್ತೆ ಹಾಕ್ಬೋದು.

ಆದ್ರೆ ನನ್ನ ವಿಡಿಯೋಗೆ ಇದು ಒಗ್ಗಲಿಲ್ಲ. ಅಜ್ಜಿ ಮುಖದ ಕ್ಲೋಸಪ್ ಬಂದಾಗ ಹಿಂದಿ ಸಾಲು ಅವರ ಹಣೆ ಮೇಲೆ, ತಲೆ ಒಡವೆ ಮೇಲೆ ಕೂರ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟ ಏನಂದ್ರೆ ಕೈ ಇರೋದು ಕೆಳಗೆ, ಹಿಂದಿ ಓದೋರ ಕಣ್ಣು ಮೇಲೆ, ಓದಿ ಕೆಳಗೆ ಬರೋ ಅಷ್ಟರಲ್ಲಿ ಹೊಲಿಗೆಯ ಟಾಕಿ ಮುಗಿದಿರುತ್ತೆ. ನಮ್ಮಲ್ಲಿಗೆ ಬಂದಿದ್ದ ಒಬ್ರು ಸೊಲ್ಲಾಪುರದ ಕಡೆಯವ್ರು ಇದನ್ನ ಸರಿಯಾಗಿ ಹೇಳಿದ್ರು, ಮಾತು ಓದಿದೆ ಕೆಲ್ಸ ನೋಡ್ಲಿಲ್ಲ ಅಂತ. ಮೇಲೆ ಆಕಾಶ, ಗೋಡೆ ಇರೋ ಅಗಲದ ಶಾಟ್‌ಗಳ ವಿಡಿಯೋಗೆ, ಊರು ಕೋಟೆ ಕೆರೆ ತೋರ್ಸೋದಕ್ಕೆ ಇದನ್ನ ನಾನು ಧಾರಾಳವಾಗಿ ಹಾಕ್ತೀನಿ.

ಚಿತ್ರ ಕುಗ್ಗಿಸಿ ಅಕ್ಷರಕ್ಕೆ ಬೇರೆ ಜಾಗ ಕೊಡೋದು

ಕೊನೆಗೆ ನಾನು ಹಿಡಿದಿದ್ದು ಇದನ್ನ, ಸ್ವಲ್ಪ ವಿವರವಾಗೇ ಹೇಳ್ತೀನಿ.

ವಿಡಿಯೋ 1920×1080 ಇರುತ್ತೆ ಅಂದ್ಕೊಳ್ಳಿ. ಚಿತ್ರವನ್ನ 1600×900ಕ್ಕೆ ಕುಗ್ಗಿಸಿ ಮೇಲಂಚಿಗೆ ಅಂಟಿಸಿದ್ರೆ ಅನುಪಾತ ಹಾಳಾಗಲ್ಲ, ಕೆಳಗೆ 180 ಪಿಕ್ಸೆಲ್ ಕಪ್ಪು ಪಟ್ಟಿ ಸಿಗುತ್ತೆ, ಎಡ ಬಲ 160 ಪಿಕ್ಸೆಲ್ ಕಪ್ಪು ಉಳಿಯುತ್ತೆ. ಆ 180ರಲ್ಲಿ ಹಿಂದಿ ಒಂದು ಸಾಲು, ಕನ್ನಡ ಒಂದು ಸಾಲು. ಏಜಿಸಬ್ ಸೇವ್ ಮಾಡೋ ಎಎಸ್‌ಎಸ್ ಫೈಲಲ್ಲಿ ಫಾಂಟ್ ಸೈಜ್ ಅಂದ್ರೆ ಅಕ್ಷರದ ಎತ್ತರ ಅಲ್ಲ, ಒತ್ತು ಮಾತ್ರೆ ಎಲ್ಲ ಸೇರಿ ಆ ಫಾಂಟು ಒಂದು ಸಾಲಿಗೆ ಇಟ್ಕೊಳ್ಳೋ ಜಾಗ, ಇದು ಇಲ್ಲಿ ನಮಗೆ ಅನುಕೂಲವೇ ಆಗುತ್ತೆ ಯಾಕಂದ್ರೆ ಲೆಕ್ಕ ನೇರವಾಗಿ ಹಾಕ್ಬೋದು. ಎರಡಕ್ಕೂ ಸೈಜ್ 76 ಕೊಟ್ಟೆ. ಎರಡಕ್ಕೂ ಅಲೈನ್‌ಮೆಂಟ್ 2. ಕನ್ನಡಕ್ಕೆ ಕೆಳಗಿನ ಮಾರ್ಜಿನ್ 10, ಅಂದ್ರೆ ಅದು 10ರಿಂದ 86ರವರೆಗೆ ಕೂರುತ್ತೆ. ಹಿಂದಿಗೆ ಮಾರ್ಜಿನ್ 92, ಅದು 168ಕ್ಕೆ ಮುಗಿಯುತ್ತೆ. ಮೇಲೆ 12 ಪಿಕ್ಸೆಲ್ ಉಳೀತು, ಚಿತ್ರಕ್ಕೆ ಯಾವುದೂ ತಗಲಲ್ಲ. ಫೈಲಿನ ಮೇಲ್ಭಾಗದಲ್ಲಿ `PlayResX: 1920` ಮತ್ತು `PlayResY: 1080` ಇದ್ಯಾ ನೋಡ್ಕೊಳ್ಳಿ, ಇಲ್ಲದಿದ್ರೆ ಈ ಲೆಕ್ಕ ಎಲ್ಲ ಉಲ್ಟಾ ಆಗುತ್ತೆ. ಆಮೇಲೆ ಚಿತ್ರ ಕುಗ್ಗಿಸಿ ಅಕ್ಷರ ಬರ್ನ್ ಮಾಡೋಕ್ಕೆ ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರಲ್ಲಿ ಒಂದೇ ಸಾಲು ಕಮಾಂಡ್:

```
ffmpeg -i kasuti.mp4 -vf "scale=1600:900,pad=1920:1080:160:0:black,ass=eradu.ass" -c:a copy kasuti_eradu.mp4
```

ಫಾಂಟ್ ನಾನು ಹಾಕಿದ್ದು ನೋಟೋ ಸಾನ್ಸ್ ಕನ್ನಡ, ನೋಟೋ ಸಾನ್ಸ್ ದೇವನಾಗರಿ. ಹೆಸರು ಒಂದೇ ಮನೆತನದ್ದಾದ್ರೂ ಎರಡು ಲಿಪಿಗೂ ಸಾಲಿನ ಎತ್ತರದ ಅಳತೆ ಒಂದೇ ಇರಲ್ಲ, ಹಂಗಾಗಿ ನಂಬರ್ ಒಂದೇ ಕೊಟ್ರೂ ಒಂದು ದೊಡ್ಡದು ಒಂದು ಚಿಕ್ಕದು ಕಾಣ್ಬೋದು. ಇದನ್ನ ಕಣ್ಣಳತೇಲೇ ಸರಿ ಮಾಡ್ಬೇಕು, ದೊಡ್ಡದಾಗಿ ಕಾಣೋದನ್ನ ಒಂದೆರಡು ನಂಬರ್ ಇಳಿಸಿ. ಬಣ್ಣ ಕನ್ನಡಕ್ಕೆ ಹಳದಿ, ಹಿಂದಿಗೆ ಬಿಳಿ. ಕಪ್ಪು ಪಟ್ಟಿ ಮೇಲೆ ಔಟ್‌ಲೈನೇ ಬೇಡ, ಒತ್ತಿನ ಸಂದಿ ಎಲ್ಲ ತೆರೆದೇ ಇರುತ್ತೆ, ಬಣ್ಣ ಬೇರೆ ಇರೋದ್ರಿಂದ ಕಣ್ಣು ತನ್ನ ಸಾಲನ್ನ ತಾನೇ ಹಿಡಿಯುತ್ತೆ.

ಕಳ್ಕೊಳ್ಳೋದೇನು? ಚಿತ್ರದ ವಿಸ್ತೀರ್ಣದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿ ಆಗುತ್ತೆ, ಇದು ಸಣ್ಣ ನಷ್ಟ ಏನಲ್ಲ. ಹತ್ತಡಿ ಪರದೆ ಮೇಲೆ ಅದು ಯಾರಿಗೂ ಅನ್ನಿಸಲಿಲ್ಲ, ಕೈ ಸೂಜಿ ಪೂರ್ತಿ ಕಾಣ್ತಿತ್ತು. ಇನ್ನೊಂದು ಕಷ್ಟ ಜಾಗದ್ದು. ಚಾಪೆ ಮೇಲೆ ಕೂತೋರ ತಲೆ, ಹಿಂದೆ ಕುರ್ಚಿ ಮೇಲೆ ಕೂತೋರಿಗೆ ಪರದೆಯ ಕೆಳಗಿನ ಅಂಚನ್ನೇ ಮುಚ್ಚೋದು, ಅಂದ್ರೆ ಅಕ್ಷರವನ್ನೇ. ಪರದೆಯ ಕೆಳಂಚು ನೆಲದಿಂದ ನಾಲ್ಕೂವರೆ ಐದು ಅಡಿ ಮೇಲಿರೋ ಹಂಗೆ ಕಟ್ಟಿಸಿ. ಛಾವಣಿ ತಗ್ಗು, ಅಷ್ಟು ಮೇಲೆ ಕಟ್ಟೋಕ್ಕಾಗಲ್ಲ ಅನ್ನೋ ಕಡೆ ಪಟ್ಟಿಯನ್ನ ಮೇಲಕ್ಕೆ ತಗೊಂಡು ಹೋಗ್ಬೋದು, `pad=1920:1080:160:180:black` ಅಂತ ಬರೆದು ಅಲೈನ್‌ಮೆಂಟ್ 8 ಮಾಡಿ, ಹಿಂದಿಗೆ ಮಾರ್ಜಿನ್ 12 ಕನ್ನಡಕ್ಕೆ 92. ಅಕ್ಷರ ಕೈಯಿಂದ ದೂರ ಹೋಗುತ್ತೆ ನಿಜ, ಆದ್ರೆ ಕಾಣದೇ ಇರೋದಕ್ಕಿಂತ ಮೇಲು.

ಒಂದೇ ಸಾಲಿಗೆ ಹೇಗೆ ಇಳಿಸೋದು

ಮೇಲಿನ ದಾರಿ ನಡೆಯೋದು ಭಾಷೆಗೆ ಒಂದೇ ಸಾಲು ಇದ್ರೆ ಮಾತ್ರ, ಆ ಕೆಲ್ಸ ನಡೆಯೋದು ಅನುವಾದದಲ್ಲಿ. ಇಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಲಂಬಾಣಿ, ಕನ್ನಡ, ಹಿಂದಿ ಮೂರರಲ್ಲೂ ಕ್ರಿಯಾಪದ ಕೊನೇಗೆ ಬರುತ್ತೆ, ವಾಕ್ಯ ನಡೆಯೋ ದಿಕ್ಕು ಒಂದೇ. ಅದಕ್ಕೇ ಮಾತನ್ನ ಎಲ್ಲಿ ತುಂಡು ಮಾಡಿದ್ರೂ ಸಾಮಾನ್ಯವಾಗಿ ಮೂರೂ ಭಾಷೇಲಿ ಅದೇ ಜಾಗಕ್ಕೆ ತುಂಡಾಗುತ್ತೆ, ಎರಡೂ ಭಾಷೆಗೆ ಒಂದೇ ಟೈಮಿಂಗ್ ಸಾಕು. ನಾನು ಕನ್ನಡದ್ದನ್ನ ಟೈಮ್ ಮಾಡಿ, ಆ ಸಾಲುಗಳನ್ನೇ ಕಾಪಿ ಮಾಡಿ ಸ್ಟೈಲ್ ಹಿಂದಿ ಅಂತ ಬದಲಿಸಿ, ಪಠ್ಯ ಮಾತ್ರ ಹಿಂದಿ ಗೊತ್ತಿರೋ ಗೆಳೆಯನ ಹತ್ರ ಬರೆಸ್ದೆ.

ಒಂದು ಜಾಗ ತೋರಿಸ್ತೀನಿ. ಅಜ್ಜಿ ಒಂದೇ ಉಸಿರಲ್ಲಿ ಹೇಳೋ ಮಾತನ್ನ ಮೊದ್ಲು ನಾನು ಹಿಂಗೆ ಬರೆದಿದ್ದೆ: "ನಮ್ಮ ಕಾಲದಲ್ಲಿ ಮದುವೆ ಗೊತ್ತಾದ ಕೂಡಲೇ ಹುಡುಗಿ ತನ್ನ ಫೇಟಿಯಾಕ್ಕೆ ತಾನೇ ಕನ್ನಡಿ ಕೂರಿಸಿಕೊಳ್ಳಬೇಕಾಗಿತ್ತು." ಎಣಿಸಿ ನೋಡಿ, 38 ಅಕ್ಷರ. ಇದು ಎರಡು ಸಾಲಾಗುತ್ತೆ, ಹಿಂದೀನೂ ಎರಡು ಸಾಲು, ಮತ್ತೆ ಅದೇ ನಾಲ್ಕು ಸಾಲಿನ ಗೋಡೆ. ಅಜ್ಜಿ ನಡುವೆ ದಾರ ಕಚ್ಚೋಕ್ಕೆ ಒಂದು ಕ್ಷಣ ನಿಲ್ತಾರೆ, ಅಲ್ಲೇ ಮುರಿದೆ. ಮೊದ್ಲ ತುಂಡು ಕನ್ನಡದಲ್ಲಿ "ಮದುವೆ ಗೊತ್ತಾದ್ರೆ ಸಾಕು", ಹಿಂದೀಲಿ "ಶಾದೀ ತಯ್ ಹೋತೇ ಹೀ". ದಾರ ಕಚ್ಚಿದ ಮೇಲೆ "ಫೇಟಿಯಾಕ್ಕೆ ಹುಡುಗೀನೇ ಕನ್ನಡಿ ಹೊಲೀಬೇಕು", ಹಿಂದೀಲಿ "ಲಡ್ಕೀ ಫೇಟಿಯಾ ಮೇ ಖುದ್ ಶೀಶೇ ಟಾಂಕ್ತೀ ಥೀ". ಎಂಟು ಅಕ್ಷರ, ಆಮೇಲೆ ಹದಿನೈದು. "ನಮ್ಮ ಕಾಲದಲ್ಲಿ" ಬಿಟ್ಟೆ, ಎಪ್ಪತ್ತು ದಾಟಿದ ಅಜ್ಜಿ ಮುಖ ಪರದೆ ಮೇಲೇ ಇದೆ, ಯಾವ ಕಾಲ ಅಂತ ಹೇಳೋದು ಬೇಡ. ಫೇಟಿಯಾ ಅನ್ನೋದನ್ನ ಮಾತ್ರ ಲಂಗ ಅಂತ ಮಾಡಲಿಲ್ಲ, ಎರಡೂ ಭಾಷೇಲಿ ಅದೇ ಪದ ಇಟ್ಟೆ. ಆ ಹೊತ್ತಿಗೆ ಕೈಲಿ ಇರೋದೇ ಅದು, ನೋಡಿದವ್ರಿಗೆ ಗೊತ್ತಾಗುತ್ತೆ.

ನಾನು ಇಟ್ಕೊಂಡಿರೋ ಮಿತಿ ಸಾಲಿಗೆ 30 ಅಕ್ಷರ. ಜಾಗ ಅದಕ್ಕಿಂತ ಜಾಸ್ತಿ ಇದೆ, ಆದ್ರೆ ಅದಕ್ಕಿಂತ ಉದ್ದ ಆದ್ರೆ ನಮ್ಮ ಜನ ಓದಿ ಮುಗಿಸೋ ಮುಂಚೆ ಸಾಲು ಹೋಗಿರುತ್ತೆ. ಎಣಿಸುವಾಗ ಒಂದು ಎಚ್ಚರ ಇರ್ಲಿ, ಕೆಲವು ಸಾಫ್ಟ್‌ವೇರ್ ಎಣಿಸೋದು ನಮ್ಮ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನ. 'ಲಕ್ಷ್ಮಿ' ನಮಗೆ ಎರಡಕ್ಷರ, ಅದರ ಲೆಕ್ಕದಲ್ಲಿ ಏಳು. ಹಂಗಾಗಿ ಸಾಲು ಉದ್ದ ಆಯ್ತು, ವೇಗ ಜಾಸ್ತಿ ಆಯ್ತು ಅಂತ ಕೆಂಪು ತೋರಿಸಿದ್ರೆ ಗಾಬರಿ ಆಗ್ಬೇಡಿ, ಜೋರಾಗಿ ಓದಿ ನೋಡಿ. ಸಾಲು ಪರದೆ ಮೇಲೆ ಇರೋ ಹೊತ್ತಲ್ಲಿ ಆರಾಮಾಗಿ ಒಂದು ಸಲ ಓದಿ ಮುಗಿದ್ರೆ ಸರಿ ಇದೆ ಅಂತ.

ಫೋನಿಗೆ ಬೇರೆ ಮಾಡಿ

ಪರದೆಗೆ ಮಾಡಿದ ಆ ವಿಡಿಯೋವನ್ನೇ ವಾಟ್ಸಾಪಲ್ಲಿ ಹಂಚಿದ್ದು ನಾನು ಮಾಡಿದ ಎರಡ್ನೇ ತಪ್ಪು. ಜನ ಫೋನ್ ನೆಟ್ಟಗೆ ಹಿಡಿದೇ ನೋಡ್ತಾರೆ. ಪರದೆ ಅಗಲ ಏಳು ಸೆಂಟಿಮೀಟರ್ ಇದ್ರೆ ಅಡ್ಡ ವಿಡಿಯೋ ಎತ್ತರ ನಾಲ್ಕು ಸೆಂಟಿಮೀಟರ್ ಕೂಡ ಬರಲ್ಲ, ಅದರಲ್ಲಿ ನನ್ನ 76 ಸೈಜಿನ ಸಾಲು ಒತ್ತು ಮಾತ್ರೆ ಎಲ್ಲ ಸೇರಿ ಮೂರು ಮಿಲಿಮೀಟರ್ ಒಳಗೆ. ಚಾಳೀಸು ಹಾಕೋ ವಯಸ್ಸಿನವ್ರಿಗೆ ಅದು ಇರುವೆ ಸಾಲು. ಅದರ ಮೇಲೆ ವಾಟ್ಸಾಪ್ ವಿಡಿಯೋ ಕುಗ್ಗಿಸಿ ಕಳಿಸುತ್ತೆ, ಒತ್ತಕ್ಷರ ಕಲಸಿಹೋಗುತ್ತೆ.

ಫೋನಲ್ಲಿ ಒಬ್ರೇ ನೋಡೋದು, ಒಂದೇ ಭಾಷೆ ಸಾಕು. ಎರಡು ಫೈಲ್ ಮಾಡಿ, ಒಂದು ಕನ್ನಡ ಒಂದು ಹಿಂದಿ, ಚಿತ್ರ ಪೂರ್ತಿ, ಅಕ್ಷರ ದೊಡ್ಡದು, ನಾನು 110 ಇಡ್ತೀನಿ. ವಾಟ್ಸಾಪಲ್ಲಿ ಸಬ್‌ಟೈಟಲ್ ಟ್ರ್ಯಾಕ್ ಆರಿಸೋ ಬಟನ್ ಇಲ್ಲ, ಬರ್ನ್ ಮಾಡ್ಲೇಬೇಕು. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಕುಗ್ಗಲ್ಲ, ಆದ್ರೆ ಎಲ್ಲರೂ ಡೌನ್‌ಲೋಡ್ ಮಾಡಿ ತೆಗೆಯೋ ತಾಳ್ಮೆ ಇಟ್ಕೊಂಡಿರಲ್ಲ, ಅದಕ್ಕೆ ಅಕ್ಷರ ದೊಡ್ಡದು ಮಾಡೋದೇ ಭದ್ರ. ರೀಲ್ಸ್ ಶಾರ್ಟ್ಸ್ ಮಾಡೋರು ಸಾಲನ್ನ ತೀರಾ ಬುಡಕ್ಕೆ ಇಡ್ಬೇಡಿ, ಚಾನೆಲ್ ಹೆಸರು, ವಿವರ ಅಲ್ಲಿ ಬಂದು ಕೂರುತ್ತೆ.

ಯೂಟ್ಯೂಬಿಗೆ ಮಾತ್ರ ನಾನು ಏನೂ ಬರ್ನ್ ಮಾಡದ ಖಾಲಿ ವಿಡಿಯೋ ಹಾಕಿ, ಕನ್ನಡ ಹಿಂದಿ ಎರಡೂ ಎಸ್‌ಆರ್‌ಟಿಯನ್ನ ಬೇರೆ ಬೇರೆ ಟ್ರ್ಯಾಕಾಗಿ ಸೇರಿಸ್ತೀನಿ. ಅಲ್ಲಿ ಒಂದು ಹೊತ್ತಿಗೆ ಒಂದೇ ಟ್ರ್ಯಾಕ್ ಕಾಣೋದು, ನಮಗೆ ಬೇಕಾಗಿರೋದೂ ಅದೇ. ಅಕ್ಷರದ ಗಾತ್ರವನ್ನೂ ನೋಡೋರೇ ಬದಲಿಸ್ಕೋಬೋದು. ಇದರ ನಿಜವಾದ ಲಾಭ ತಿದ್ದುಪಡೀದು. ಬರ್ನ್ ಮಾಡಿದ ವಿಡಿಯೋದಲ್ಲಿ ಒಂದು ಕಾಗುಣಿತ ತಪ್ಪಿದ್ರೂ ಹೊಸದಾಗಿ ಅಪ್‌ಲೋಡ್ ಮಾಡ್ಬೇಕು, ಲಿಂಕ್ ಬದಲಾಗುತ್ತೆ, ಹಳೇ ಲಿಂಕ್ ಹಂಚಿದವ್ರಿಗೆಲ್ಲ ಮತ್ತೆ ಹೇಳ್ಬೇಕು. ಟ್ರ್ಯಾಕ್ ಆದ್ರೆ ಅದೇ ಲಿಂಕಲ್ಲಿ ಕೂತಲ್ಲೇ ತಿದ್ಬೋದು. ನಾನು ಒಂದು ಟಾಕಿ ಹೆಸರು ತಪ್ಪು ಬರೆದಿದ್ದೆ, ಅಜ್ಜಿ ಮೊಮ್ಮಗಳು ಫೋನ್ ಮಾಡಿ ಹೇಳಿದ ಹತ್ತು ನಿಮಿಷಕ್ಕೆ ಸರಿ ಆಯ್ತು. ತೊಂದ್ರೆ ಒಂದೇ, ಸಿಸಿ ಬಟನ್ ಎಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಡಿಯೋ ಶುರು ಆಗುವಾಗ ಮೊದ್ಲ ಐದು ಸೆಕೆಂಡು ಎರಡೂ ಭಾಷೇಲಿ "ಸಬ್‌ಟೈಟಲ್‌ಗೆ ಸಿಸಿ ಒತ್ತಿ" ಅಂತ ಚಿತ್ರದಲ್ಲೇ ಬರೆದ್ಬಿಡಿ. ಟೀವೀಲಿ ಮನೆಯವ್ರೆಲ್ಲ ಒಟ್ಟಿಗೆ ನೋಡುವಾಗ ಈ ದಾರಿ ಕೈಕೊಡುತ್ತೆ, ಅವ್ರಿಗೆ ಕಪ್ಪು ಪಟ್ಟಿಯ ವಿಡಿಯೋವನ್ನ ಬೇರೆ ಲಿಂಕಲ್ಲಿ ಇಟ್ಟಿದೀನಿ.

ಕಳಿಸೋ ಮುಂಚೆ ನೋಡ್ಕೊಳ್ಳೋದು

ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಪಠ್ಯ ಯಾರಾದ್ರೂ ಕೊಟ್ರೆ ಅದನ್ನ ನೇರ ಎಸ್‌ಆರ್‌ಟಿಗೆ ಹಾಕ್ಬೇಡಿ. ಅದು ಆಸ್ಕಿ, ಪರದೆ ಮೇಲೆ ಇಂಗ್ಲಿಷ್ ಅಕ್ಷರದ ಚೆಲ್ಲಾಪಿಲ್ಲಿ ಬರುತ್ತೆ. ಯೂನಿಕೋಡ್‌ಗೆ ಕನ್ವರ್ಟ್ ಮಾಡಿ, ಯುಟಿಎಫ್-8 ಅಂತ ಸೇವ್ ಮಾಡಿ. ಕನ್ವರ್ಟ್ ಆದ ಮೇಲೂ ಅರ್ಕಾವತ್ತು ಇರೋ ಪದಗಳನ್ನ ಕಣ್ಣಿಟ್ಟು ಓದಿ, ನನಗೆ ತಪ್ಪು ಜಾಸ್ತಿ ಸಿಕ್ಕಿದ್ದು ಅಲ್ಲೇ.

ಫೋನಲ್ಲಿ ಎಡಿಟ್ ಮಾಡೋ ಕೆಲವು ಆಪ್‌ಗಳು ಒತ್ತಕ್ಷರ ಜೋಡಿಸೋದೇ ಇಲ್ಲ, 'ಕ್' 'ಷ್' ಥರ ಅರ್ಧಾಕ್ಷರ ಮಾಡಿ ಬಿಡಿ ಬಿಡಿ ತೋರಿಸ್ತವೆ. ಮೊದ್ಲೇ 'ಸ್ತ್ರೀ', 'ಲಕ್ಷ್ಮಿ', 'ಸೂರ್ಯ' ಮೂರು ಪದ ಟೈಪ್ ಮಾಡಿ ಎಕ್ಸ್‌ಪೋರ್ಟ್ ಮಾಡಿ ನೋಡಿ, ಪ್ರಿವ್ಯೂ ನಂಬಬೇಡಿ. ಹಿಂದಿ ಅಷ್ಟಾಗಿ ಓದೋಕ್ಕೆ ಬರದೇ ಇರೋರಿಗೂ ಒಂದು ಗುರುತು ಇದೆ: ಹಿಂದೀಲಿ ಹ್ರಸ್ವ ಇಕಾರದ ಮಾತ್ರೆ ಅಕ್ಷರದ ಎಡಗಡೆ ಬರಬೇಕು. 'ದಿನ್' ಅಂತ ಬರೆದಾಗ ಆ ಕೊಕ್ಕೆ ದ ಆದ ಮೇಲೆ ಬಲಕ್ಕೆ ಬಿದ್ದಿದ್ರೆ, ಇಲ್ಲ ಚುಕ್ಕೆ ಚುಕ್ಕೆಯ ವೃತ್ತ ಒಂದು ಕಾಣ್ತಿದ್ರೆ ಅಕ್ಷರ ಜೋಡಣೆ ಕೆಟ್ಟಿದೆ, ಆ ಆಪ್ ಬಿಟ್ಬಿಡಿ. ಆಮೇಲೆ ವಿಡಿಯೋವನ್ನ ಒಂದು ಸಲ 360ಪಿಗೆ ಇಳಿಸಿ ಚಿಕ್ಕ ಫೋನಲ್ಲಿ ನೋಡಿ. ಅದರಲ್ಲಿ 'ಲಕ್ಷ್ಮಿ' ಒತ್ತು ಎರಡೂ ಬಿಡಿಯಾಗಿ ಕಂಡ್ರೆ ಉಳಿದ ಕಡೆ ತೊಂದ್ರೆ ಇಲ್ಲ.

ಹಾಡಿನ ವಿಷ್ಯ ಒಂದು ಉಳೀತು. ಕೊನೇ ಎರಡು ನಿಮಿಷ ಅಜ್ಜಿ ಮತ್ತೆ ನಾಲ್ಕು ಜನ ಹೆಣ್ಮಕ್ಕಳು ಹಾಡ್ತಾರೆ, ಪಲ್ಲವಿ ಆರು ಸಲ ಬರುತ್ತೆ. ಮೊದ್ಲು ಆರೂ ಸಲ ಎರಡೂ ಭಾಷೇಲಿ ಹಾಕಿದ್ದೆ. ಈಗ ಮೊದಲ್ನೇ ಸಲ ಮಾತ್ರ ಹಾಕ್ತೀನಿ, ಎರಡ್ನೇ ಸಲದಿಂದ ಪಟ್ಟಿ ಖಾಲಿ, ನಡುವೆ ಹೊಸ ಸಾಲು ಬಂದಾಗ ಮತ್ತೆ ಅಕ್ಷರ. ಮೊನ್ನೆ ತೋರಿಸಿದಾಗ ಪಲ್ಲವಿ ಮೂರ್ನೇ ಸಲ ಬರೋ ಹೊತ್ತಿಗೆ ಪಟ್ಟಿ ಖಾಲಿ ಇತ್ತು, ಆ ದೊಡ್ಡಮ್ಮ ಪರದೆ ಜೊತೆ ಸೇರಿ ಹಾಡ್ತಿದ್ರು.